ಗೇಟಿನ ಮುಂದಿನ ಲಾರಿ ಸಾಲು ಕರಗಿಸುವುದು: ಡಾಕ್ ಸ್ಲಾಟ್ ಹಾಕುವ ಸಮಗ್ರ ಮಾರ್ಗದರ್ಶಿ

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳ ಎದುರು ಬೆಳಗ್ಗೆ ಏಳಕ್ಕೆ ನಿಂತು ನೋಡಿ, ಸರ್ವಿಸ್ ರಸ್ತೆಯ ಅಂಚಿನುದ್ದಕ್ಕೂ ಲಾರಿ ಸಾಲು. ಮಧ್ಯಾಹ್ನ ಮೂರಕ್ಕೆ ಮತ್ತೆ ಹೋದರೆ ಅಂಥದ್ದೇ ಗೋದಾಮಿನಲ್ಲಿ ಎರಡು ಮೂರು ಡಾಕ್, ಅಂದರೆ ಲಾರಿ ಹಚ್ಚಿ ಸರಕು ಇಳಿಸುವ ಕಟ್ಟೆಗಳು, ಖಾಲಿ ಬಿದ್ದಿರುತ್ತವೆ. ಬೆಳಗ್ಗೆಯ ಸಾಲು ನೋಡಿದವರು ಡಾಕ್ ಸಾಲದು, ಹಮಾಲರು ಸಾಲದು ಎನ್ನುತ್ತಾರೆ. ಹೆಚ್ಚಿನ ಕಡೆ ಕೊರತೆ ಇರುವುದು ಡಾಕ್‌ಗಲ್ಲ. ಇಡೀ ದಿನದ ಕೆಲಸ ನಾಲ್ಕು ಗಂಟೆಯೊಳಗೆ ಬಂದು ಬೀಳುತ್ತಿರುತ್ತದೆ, ಬಂದ ಲಾರಿಯ ಕೆಲಸ ಎಷ್ಟು ನಿಮಿಷದ್ದು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಈ ಬರಹದಲ್ಲಿ ದಿನಸಿ, ಸೋಪು, ಬಿಸ್ಕತ್ತು, ಎಣ್ಣೆಯಂಥ ಸರಕು ಇಳಿಸಿಕೊಳ್ಳುವ ಗೋದಾಮಿನ ಒಳಬರುವ ಲಾರಿಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ. ಲೆಕ್ಕಕ್ಕೆ ಒಂದೇ ಮಾದರಿ ಗೋದಾಮನ್ನು ಕೊನೆಯವರೆಗೂ ಹಿಡಿಯೋಣ. ಒಳಬರುವ ಸರಕಿಗೆ 8 ಡಾಕ್, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಎರಡು ಪಾಳಿ, ದಿನಕ್ಕೆ 64 ಲಾರಿ, ಯಾರ್ಡಿನಲ್ಲಿ ಕಾಯಲು 6 ಲಾರಿಗೆ ಜಾಗ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

ಮೊದಲು ಅಳೆಯಿರಿ, ಆರು ಕಡೆ ಗಡಿಯಾರ ನೋಡಿ

ಲಾರಿ ಬಂದು ಹೋಗುವವರೆಗಿನ ಒಟ್ಟು ಸಮಯವನ್ನು, ಅಂದರೆ ಟಿಎಟಿಯನ್ನು, ಒಂದೇ ಅಂಕಿಯಾಗಿ ಇಟ್ಟುಕೊಂಡರೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಲಾರಿಗೆ ಆರು ಹೊತ್ತು ಬರೆದಿಡಿ: ಹೊರಗಿನ ಸಾಲಿಗೆ ಸೇರಿದ್ದು, ಗೇಟಿನೊಳಗೆ ಬಂದಿದ್ದು, ಡಾಕ್‌ಗೆ ಹಿಂದಕ್ಕೆ ಹಾಕಿದ್ದು, ಮೊದಲ ಬಾಕ್ಸು ಇಳಿದಿದ್ದು, ಕೊನೆಯ ಬಾಕ್ಸು ಇಳಿದಿದ್ದು, ಗೇಟು ದಾಟಿ ಹೊರಗೆ ಹೋಗಿದ್ದು. ಎರಡು ವಾರ ಇಷ್ಟು ಮಾಡಿದರೆ ಸಮಯ ಎಲ್ಲಿ ಸೋರುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇಳಿಸುವ ಕೆಲಸವೇ ನಿಧಾನ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಲಾರಿ ಗೋದಾಮಿನಲ್ಲಿ ಕಳೆದ ಸಮಯದ ದೊಡ್ಡ ಪಾಲು ಸಾಮಾನ್ಯವಾಗಿ ಮೊದಲ ಬಾಕ್ಸಿಗೆ ಮುಂಚೆ ಅಥವಾ ಕೊನೆಯ ಬಾಕ್ಸಿನ ನಂತರ ಇರುತ್ತದೆ.

ಈ ಆರರಲ್ಲಿ ತಪ್ಪಾಗುವುದು ಮೊದಲನೆಯದೇ. ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ಬರೆಯುವುದು ಡ್ರೈವರ್ ಕಾಗದ ಹಿಡಿದು ಕಿಟಕಿಗೆ ಬಂದ ಹೊತ್ತನ್ನು. ಅಷ್ಟರಲ್ಲಿ ಆತ ಎರಡು ಗಂಟೆ ರಸ್ತೆಯಲ್ಲಿ ನಿಂತಿರಬಹುದು. ರಿಜಿಸ್ಟರ್ ಪ್ರಕಾರ ಎಲ್ಲವೂ ಚೆನ್ನಾಗಿದೆ, ಟ್ರಾನ್ಸ್‌ಪೋರ್ಟಿನವರು ಮಾತ್ರ ಲಾರಿ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಬಿಲ್ ಕಳಿಸುತ್ತಲೇ ಇದ್ದಾರೆ ಎಂದರೆ ಇಲ್ಲೇ ಹುಳುಕು ಇದೆ ಎಂದು ತಿಳಿಯಿರಿ. ಪತ್ತೆ ಮಾಡಲು ಸುಲಭದ ದಾರಿ ಒಂದಿದೆ. ಯಾವುದಾದರೂ ಹತ್ತು ಲಾರಿಯ ಜಿಪಿಎಸ್ ದಾಖಲೆಯನ್ನು ಟ್ರಾನ್ಸ್‌ಪೋರ್ಟಿನವರಿಂದ ಕೇಳಿ ಪಡೆದು, ಗೋದಾಮಿನಿಂದ ಅರ್ಧ ಕಿಲೋಮೀಟರ್ ಒಳಗೆ ಬಂದು ನಿಂತ ಹೊತ್ತನ್ನು ರಿಜಿಸ್ಟರಿಗೆ ಹೋಲಿಸಿ. ರಿಜಿಸ್ಟರಿನಲ್ಲಿ 7:00, 7:15, 7:30 ಎಂದು ದುಂಡು ಅಂಕಿಗಳೇ ಕಂಡರೆ ಅದು ಗಡಿಯಾರ ನೋಡಿ ಬರೆದಿದ್ದಲ್ಲ. ಸಾಲಿನ ಕೊನೆಗೆ ಒಬ್ಬರನ್ನು ಕಳಿಸಿ ಟೋಕನ್ ಕೊಡಿಸಿ, ಟೋಕನ್ ಮೇಲೆ ಹೊತ್ತು ಬರೆಸಿ. ಸಾಲಿನ ನಿಜವಾದ ಉದ್ದ ತಿಳಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಗುರಿ ಎಷ್ಟು ಎಂಬುದನ್ನು ನಿಮ್ಮ ಜಾಗವೇ ಹೇಳುತ್ತದೆ

ಟಿಎಟಿ ಎರಡು ಗಂಟೆಗೆ ಇಳಿಸಬೇಕು ಎಂದು ಮೇಲಿನವರು ಹೇಳಿದ್ದಕ್ಕೆ ಆಧಾರ ಬೇಕಲ್ಲ. ಆವರಣದಲ್ಲಿ ಮತ್ತು ಅದರ ಸುತ್ತ ಸರಾಸರಿ ಎಷ್ಟು ಲಾರಿ ಇರುತ್ತವೆ ಎಂಬುದು ಗಂಟೆಗೆ ಬರುವ ಲಾರಿಗಳನ್ನು ಒಂದೊಂದು ಲಾರಿ ಇರುವ ಗಂಟೆಗಳಿಂದ ಗುಣಿಸಿದಷ್ಟು. ನಮ್ಮ ಮಾದರಿಯಲ್ಲಿ 16 ಗಂಟೆಗೆ 64 ಲಾರಿ, ಅಂದರೆ ಗಂಟೆಗೆ 4. ಟಿಎಟಿ 5 ಗಂಟೆ ಇದ್ದರೆ ಯಾವ ಹೊತ್ತಿನಲ್ಲಿ ನೋಡಿದರೂ ಸರಾಸರಿ 20 ಲಾರಿ. ಅವುಗಳಲ್ಲಿ ಆರೇಳು ಡಾಕ್‌ನಲ್ಲಿ, 6 ಯಾರ್ಡಿನಲ್ಲಿ, ಉಳಿದ ಏಳೆಂಟು ರಸ್ತೆಯಲ್ಲಿ. ಟಿಎಟಿ 3 ಗಂಟೆಗೆ ಇಳಿದರೆ 12 ಲಾರಿ. ಡಾಕ್‌ನಲ್ಲಿ ಆರೇಳು, ಉಳಿದ ಐದಾರು ಯಾರ್ಡಿನೊಳಗೇ ಹಿಡಿಸುತ್ತವೆ, ರಸ್ತೆ ಖಾಲಿ. ಹಾಗಾಗಿ ಈ ಗೋದಾಮಿಗೆ 3 ಗಂಟೆ ಎಂಬುದು ಗುರಿ.

ಇದು ಸರಾಸರಿಯ ಮಾತು ಎಂಬುದು ನೆನಪಿರಲಿ. ಬೆಳಗ್ಗೆ 6ರಿಂದ 9ರ ನಡುವೆ ಗಂಟೆಗೆ 8 ಲಾರಿ ಬಂದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಟಿಎಟಿ ಚೆನ್ನಾಗಿದ್ದರೂ ಸಾಲು ಬೆಳೆಯುತ್ತದೆ. ಸ್ಲಾಟ್ ಹಾಕುವುದು, ಅಂದರೆ ಪ್ರತಿ ಲಾರಿಗೂ ಡಾಕ್ ಹೊತ್ತನ್ನು ಮೊದಲೇ ಗೊತ್ತುಮಾಡುವುದು, ಈ ಉಬ್ಬನ್ನು ದಿನದುದ್ದಕ್ಕೂ ಹರಡಲೆಂದೇ. ಎರಡು ವಾರದ ಟೋಕನ್‌ಗಳನ್ನು ಗಂಟೆವಾರು ಎಣಿಸಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮುಂದೆ ಸ್ಲಾಟ್ ಬಗ್ಗೆ ಜಗಳ ಬಂದಾಗಲೆಲ್ಲ ಆ ಹಾಳೆ ಕೆಲಸಕ್ಕೆ ಬರುತ್ತದೆ.

ಸ್ಲಾಟಿನ ಉದ್ದ: ಲಾರಿ ಎಣಿಸಬೇಡಿ, ಡಾಕ್-ನಿಮಿಷ ಎಣಿಸಿ

ಪ್ರತಿ ಡಾಕ್‌ಗೂ ಎರಡು ಗಂಟೆಗೊಂದು ಲಾರಿ ಎಂದು ಸ್ಲಾಟ್ ಹಾಕುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದು ಎರಡನೇ ದಿನವೇ ಮುರಿದು ಬೀಳುತ್ತದೆ. ಯಂತ್ರ ಎತ್ತುವ ಹಲಗೆಯ, ಅಂದರೆ ಪ್ಯಾಲೆಟ್ಟಿನ, ಮೇಲೆ ಸರಕು ಜೋಡಿಸಿ ಬಂದ 32 ಅಡಿ ಲಾರಿ ಮುಕ್ಕಾಲು ಗಂಟೆಯಲ್ಲಿ ಖಾಲಿಯಾಗುತ್ತದೆ. ಅಷ್ಟೇ ಉದ್ದದ ಲಾರಿಯಲ್ಲಿ 900 ಬಾಕ್ಸು ಲೂಸಾಗಿ ಜೋಡಿಸಿ ಬಂದರೆ ಎರಡೂವರೆ ಗಂಟೆ. ಎರಡನ್ನೂ ಒಂದೇ ಅಳತೆಯ ಸ್ಲಾಟಿಗೆ ತುರುಕಿದರೆ ಮೊದಲನೆಯದರ ನಂತರ ಡಾಕ್ ಖಾಲಿ ಕೂರುತ್ತದೆ, ಎರಡನೆಯದರ ಹಿಂದೆ ದಿನವಿಡೀ ತಡ ಹಬ್ಬುತ್ತದೆ.

ಲೂಸ್ ಲಾರಿಗೆ ಬೇಕಾದ ನಿಮಿಷ ಮೂರು ಸಂಗತಿಗಳ ಮೇಲೆ ನಿಂತಿದೆ. ಬಾಕ್ಸು ಎಷ್ಟು, ತಂಡ ಗಂಟೆಗೆ ಎಷ್ಟು ಇಳಿಸುತ್ತದೆ, ಬೇರೆ ಬೇರೆ ಐಟಂ ಎಷ್ಟು. ಮೂರನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಒಂದೇ ಐಟಂನ 900 ಬಾಕ್ಸನ್ನು ಎಣಿಸುವುದು ಸುಲಭ. 40 ಐಟಂ ಬೆರೆತ 500 ಬಾಕ್ಸಿನಲ್ಲಿ ಪ್ರತಿಯೊಂದರ ಬ್ಯಾಚ್, ಎಂಆರ್‌ಪಿ, ತಯಾರಿಕೆಯ ದಿನಾಂಕ ನೋಡಬೇಕು, ಬೇರೆ ಬೇರೆ ಪ್ಯಾಲೆಟ್ ಕಟ್ಟಬೇಕು. ಶೀಟಿನಲ್ಲಿ C ಕಾಲಂನಲ್ಲಿ ಬಾಕ್ಸು, Dಯಲ್ಲಿ ತಂಡದ ಗಂಟೆಯ ವೇಗ, Eಯಲ್ಲಿ ಐಟಂ ಸಂಖ್ಯೆ ಇಟ್ಟು ಈ ಸೂತ್ರ ಹಾಕಿ:

```
=CEILING(15 + C2/D2*60 + E2*1.5 + 10, 15)
```

ಮೊದಲ 15 ನಿಮಿಷ ಲಾರಿ ಡಾಕ್‌ಗೆ ಹಾಕಿ, ಚಕ್ರಕ್ಕೆ ಅಡ್ಡ ಇಟ್ಟು, ಕೀ ತೆಗೆದುಕೊಂಡು, ಸೀಲ್ ನಂಬರ್ ತಾಳೆ ನೋಡಿ ಬಾಗಿಲು ತೆರೆಯುವುದಕ್ಕೆ. ಕೊನೆಯ 10 ನಿಮಿಷ ಬಾಗಿಲು ಮುಚ್ಚಿ ಡಾಕ್ ಬಿಡುವುದಕ್ಕೆ. ಐಟಂಗೆ ಒಂದೂವರೆ ನಿಮಿಷ ತಪಾಸಣೆಗೆ. ಹೊರಗಿನ CEILING ಮೊತ್ತವನ್ನು ಮೇಲಿನ ಕಾಲು ಗಂಟೆಗೆ ದುಂಡಾಗಿಸುತ್ತದೆ. 900 ಬಾಕ್ಸು, ಐದು ಜನರ ತಂಡದ ವೇಗ ಗಂಟೆಗೆ 540, ಐಟಂ 14 ಎಂದಿಟ್ಟರೆ 15 + 100 + 21 + 10 = 146, ಅಂದರೆ 150 ನಿಮಿಷದ ಸ್ಲಾಟ್. 20 ಅಡಿ ಲಾರಿಯಲ್ಲಿ 420 ಬಾಕ್ಸು, 12 ಐಟಂ ಇದ್ದರೆ 90 ನಿಮಿಷ.

540 ಎಂಬ ವೇಗವನ್ನು ಇಲ್ಲಿಂದ ಎತ್ತಿಕೊಳ್ಳಬೇಡಿ. ಚಿಪ್ಸ್ ಬಾಕ್ಸಿಗೂ ಎಣ್ಣೆ ಬಾಕ್ಸಿಗೂ ಭೂಮಿ ಆಕಾಶದ ಅಂತರ. ನಿಮ್ಮಲ್ಲಿ ಬರುವ ಸರಕನ್ನು ಹಗುರ, ಮಧ್ಯಮ, ಭಾರ ಎಂದು ಮೂರು ಗುಂಪು ಮಾಡಿ, ಒಂದೊಂದಕ್ಕೂ ಕನಿಷ್ಠ 20 ಲಾರಿಯ ಅಳತೆ ತೆಗೆಯಿರಿ. ಸೂತ್ರ ಕೊಡುವ ನಿಮಿಷಕ್ಕೂ ನಿಜವಾಗಿ ಹಿಡಿದ ನಿಮಿಷಕ್ಕೂ ಇರುವ ಅಂತರವನ್ನು ತಿಂಗಳಿಗೊಮ್ಮೆ ನೋಡಿ. ವೇಗ ಹಾಕುವಾಗ ಸರಾಸರಿ ಬೇಡ. ಸರಾಸರಿ ಹಿಡಿದರೆ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಗಳು ಸ್ಲಾಟ್ ಮೀರುತ್ತವೆ. ಐದರಲ್ಲಿ ನಾಲ್ಕು ಲಾರಿ ಮುಗಿಯುವಷ್ಟು ಸಮಯ ಸಿಗುವಂತೆ ವೇಗವನ್ನು ಸ್ವಲ್ಪ ಕೆಳಗಿಡಿ.

ಪೂರ್ತಿ ತುಂಬಿಸಿದ ವೇಳಾಪಟ್ಟಿ ನಡೆಯುವುದಿಲ್ಲ

ಈಗ ದಿನದ ಲೆಕ್ಕ. 16 ಗಂಟೆಯಲ್ಲಿ ಊಟ, ಚಹಾ, ಪಾಳಿ ಬದಲಾಗುವ ಹೊತ್ತು ಕಳೆದರೆ ಒಂದು ಡಾಕ್‌ಗೆ ಹದಿನಾಲ್ಕೂವರೆ ಗಂಟೆ ಸಿಗುತ್ತದೆ. 8 ಡಾಕ್‌ಗೆ 6,960 ಡಾಕ್-ನಿಮಿಷ. ಬರುವ ಕೆಲಸ ಹೀಗಿದೆ ಎಂದುಕೊಳ್ಳಿ: ಲೂಸ್ 32 ಅಡಿ ಲಾರಿ 22, ತಲಾ 150 ನಿಮಿಷದಂತೆ 3,300. 20 ಅಡಿಯವು 20, ತಲಾ 90ರಂತೆ 1,800. ಹಲವರ ಸರಕು ಒಟ್ಟಿಗೆ ತರುವ ಪಾರ್ಸೆಲ್ ಲಾರಿ 10, ತಲಾ 60ರಂತೆ 600. ಪ್ಯಾಲೆಟ್ ಲಾರಿ 12, ತಲಾ 45ರಂತೆ 540. ಒಟ್ಟು 6,240. ಇರುವುದು 6,960, ಆದ್ದರಿಂದ ಆಗುತ್ತದೆ ಎಂದು ತೋರುತ್ತದೆ. ಆದರೆ ಇದು ಶೇ. 90ರಷ್ಟು ಭರ್ತಿ, ಇಷ್ಟು ಬಿಗಿಯಾದ ಪಟ್ಟಿ ಪ್ರತಿದಿನ ಕುಸಿಯುತ್ತದೆ.

ಕಾರಣ ಸರಳ. ಲಾರಿ ಹೇಳಿದ ನಿಮಿಷಕ್ಕೆ ಸರಿಯಾಗಿ ಬರುವುದಿಲ್ಲ, ಇಳಿಸುವ ಕೆಲಸವೂ ಹೇಳಿದ ನಿಮಿಷಕ್ಕೆ ಮುಗಿಯುವುದಿಲ್ಲ. ಪಟ್ಟಿಯಲ್ಲಿ ಬಿಡುವು ಇಲ್ಲದಿದ್ದರೆ ಒಂದು ತಡ ಮುಂದಿನ ಎಲ್ಲ ಸ್ಲಾಟಿಗೂ ದಾಟುತ್ತದೆ. ಭರ್ತಿಯ ಭಾಗವನ್ನು ಖಾಲಿ ಭಾಗದಿಂದ ಭಾಗಿಸಿ ನೋಡಿ: 80ಕ್ಕೆ 20 ಅಂದರೆ 4, 90ಕ್ಕೆ 10 ಅಂದರೆ 9, 95ಕ್ಕೆ 5 ಅಂದರೆ 19. ಸಾಲಿನ ಗಣಿತದಲ್ಲಿ ಕಾಯುವ ಸಮಯ ಬೆಳೆಯುವ ರೀತಿ ಇದು. ಹಲವು ಡಾಕ್ ಇರುವಲ್ಲಿ ಏರಿಕೆ ಇಷ್ಟು ಕಡಿದಾಗಿರುವುದಿಲ್ಲ, ಆದರೂ 85 ದಾಟಿದ ಮೇಲೆ ಸಾಲು ಬೇಗ ಬೆಳೆಯುತ್ತದೆ. ಆದ್ದರಿಂದ ಮುಂಗಡ ಬುಕಿಂಗ್ ಅನ್ನು ಶೇ. 80ಕ್ಕೆ ನಿಲ್ಲಿಸಿ.

ಹಾಗಾದರೆ ಈ ಗೋದಾಮಿನಲ್ಲಿ 5,568 ನಿಮಿಷಕ್ಕೆ ಮಾತ್ರ ಬುಕಿಂಗ್, 672 ನಿಮಿಷದ ಕೆಲಸ ಹೊರಗುಳಿಯುತ್ತದೆ. ಹೊಸ ಡಾಕ್ ಕಟ್ಟುವ ಮುಂಚೆ ಲೂಸ್ ಲಾರಿಗಳತ್ತ ನೋಡಿ. ಅವುಗಳಲ್ಲಿ 7 ಲಾರಿ ಪ್ಯಾಲೆಟ್ ಮೇಲೆ ಬರುವಂತಾದರೆ ತಲಾ 105 ನಿಮಿಷ, ಒಟ್ಟು 735 ನಿಮಿಷ ಉಳಿಯಿತು. ಭರ್ತಿ ಶೇ. 79ಕ್ಕೆ ಬಂತು. ಪ್ಯಾಲೆಟ್ ಮೇಲೆ ಬಂದರೆ ಲಾರಿಯಲ್ಲಿ ಬಾಕ್ಸು ಕಡಿಮೆ ಹಿಡಿಸುತ್ತದೆ, ಪ್ಯಾಲೆಟ್ ವಾಪಸ್ ಕಳಿಸುವ ಖರ್ಚಿದೆ, ಹಾಗಾಗಿ ಸಾವಿರ ಕಿಲೋಮೀಟರ್ ದೂರದ ಸರಬರಾಜುದಾರರು ಒಪ್ಪುವುದು ಕಷ್ಟ. ಹೊಸೂರು, ಬಿಡದಿ, ತುಮಕೂರಿನಂಥ ಹತ್ತಿರದ ಕಾರ್ಖಾನೆಗಳನ್ನು ಕೇಳಿ. ಒಪ್ಪಿದವರಿಗೆ ಅವರು ಬಯಸಿದ ಹೊತ್ತಿನ ಸ್ಲಾಟ್ ಖಾಯಂ ಮಾಡಿಕೊಡಿ. ಡಾಕ್ ಸಮಯ ಉಳಿಸಿದವರಿಗೆ ಕೊಡಲು ನಿಮ್ಮ ಕೈಯಲ್ಲಿರುವ ಒಳ್ಳೆಯ ಪ್ರತಿಫಲ ಅದು.

ಹತ್ತಿರದ ಲಾರಿಗೆ ಗಂಟೆ, ದೂರದ ಲಾರಿಗೆ ಕಿಟಕಿ

ಚೆನ್ನೈಯಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್, ಹೈದರಾಬಾದಿನಿಂದ ಸುಮಾರು 570, ಮುಂಬೈ ಕಡೆಯಿಂದ ಸಾವಿರದ ಹತ್ತಿರ. ಭಿವಂಡಿಯಿಂದ ಹೊರಟ ಲಾರಿಗೆ ನಾಡಿದ್ದು ಬೆಳಗ್ಗೆ 9:15ಕ್ಕೆ ಡಾಕ್ ನಂಬರ್ 4 ಎಂದು ಸ್ಲಾಟ್ ಕೊಟ್ಟರೆ ಅದು ನಿಲ್ಲುವುದಿಲ್ಲ. ದಾರಿಯಲ್ಲಿ ಟೈರ್ ಪಂಕ್ಚರ್, ಘಾಟಿಯಲ್ಲಿ ಜಾಮ್, ನಗರದ ಅಂಚಿನಲ್ಲಿ ಭಾರೀ ವಾಹನಗಳಿಗೆ ಪ್ರವೇಶ ನಿಷೇಧದ ಹೊತ್ತು, ಇವೆಲ್ಲ ಇದ್ದದ್ದೇ. ಹಾಗೆಂದು ಅವರಿಗೆ ಸ್ಲಾಟೇ ಬೇಡ ಎಂದರೆ ಎಲ್ಲರೂ ರಾತ್ರಿ ಓಡಿಸಿ ಬೆಳಗಿನ ಜಾವ ಬಂದು ಸಾಲು ಕಟ್ಟುತ್ತಾರೆ.

ಎರಡು ದರ್ಜೆ ಮಾಡಿ. 150 ಕಿಲೋಮೀಟರಿನೊಳಗಿನ ಲಾರಿಗೆ ನಿಖರ ಗಂಟೆ, ಅರ್ಧ ಗಂಟೆ ರಿಯಾಯಿತಿ. ಅದಕ್ಕಿಂತ ದೂರದವಕ್ಕೆ ನಾಲ್ಕು ಗಂಟೆಯ ಕಿಟಕಿ, ಉದಾಹರಣೆಗೆ ಬೆಳಗ್ಗೆ 6ರಿಂದ 10. ಕಿಟಕಿಯೊಳಗೆ ಬಂದವರನ್ನು ಬಂದ ಕ್ರಮದಲ್ಲೇ ಒಳಗೆ ಬಿಡಿ. 8 ಡಾಕ್‌ನಲ್ಲಿ 3 ದೂರದವರಿಗೆ, 5 ಹತ್ತಿರದವರಿಗೆ ಎಂದು ಶುರುಮಾಡಿ, ನಂತರ ನಿಮ್ಮ ಸರಕಿನ ಪಾಲು ನೋಡಿ ಬದಲಿಸಿ. ರಾತ್ರಿ ಬಂದ ದೂರದ ಲಾರಿಗಳು ಬೆಳಗ್ಗೆ ಮೊದಲು ಸರಿಯಲಿ. ಹೊಸೂರಿನಿಂದ ಬರುವವರನ್ನು ಮಧ್ಯಾಹ್ನದ ಖಾಲಿ ಹೊತ್ತಿಗೆ ಹಾಕಿ, ಅವರಿಗೆ ಯಾವ ಹೊತ್ತಾದರೂ ಸಲ್ಲುತ್ತದೆ. ಬೆಳಗಿನ ಉಬ್ಬನ್ನು ಇಳಿಸಲು ನಾವು ನೋಡಿದ ಉಪಾಯಗಳಲ್ಲಿ ಇದರಷ್ಟು ಬೇಗ ಫಲ ಕೊಟ್ಟದ್ದು ಬೇರೆ ಇಲ್ಲ.

ಕಾಗದದ ಜಗಳ ಹಿಂದಿನ ದಿನವೇ ಮುಗಿಯಲಿ

ಗೇಟಿನ ಕಿಟಕಿಯಲ್ಲಿ ನಡೆಯುವುದನ್ನು ಹತ್ತಿರ ನಿಂತು ನೋಡಿ. ಡ್ರೈವರ್ ಪ್ಲಾಸ್ಟಿಕ್ ಕವರಿನಿಂದ ಇನ್‌ವಾಯ್ಸ್, ಟ್ರಾನ್ಸ್‌ಪೋರ್ಟಿನ ರಸೀದಿಯಾದ ಎಲ್‌ಆರ್, ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಇ-ವೇ ಬಿಲ್ ತೆಗೆದು ಕೊಡುತ್ತಾನೆ. ಗಾರ್ಡ್ ಗಾಡಿ ನಂಬರ್ ಬರೆದುಕೊಂಡು ಇನ್‌ವರ್ಡ್ ಟೇಬಲ್ಲಿಗೆ ಫೋನ್ ಮಾಡಿ ಖರೀದಿ ಆದೇಶದ, ಅಂದರೆ ಪಿಒದ, ನಂಬರ್ ಓದುತ್ತಾನೆ. ಆ ಪಿಒ ಅವಧಿ ಮುಗಿದಿದೆ ಎಂಬ ಉತ್ತರ ಬರುತ್ತದೆ. ಡ್ರೈವರ್ ತನ್ನ ಟ್ರಾನ್ಸ್‌ಪೋರ್ಟಿಗೆ, ಅವರು ಸರಬರಾಜುದಾರರಿಗೆ, ಅವರು ನಿಮ್ಮ ಖರೀದಿ ವಿಭಾಗಕ್ಕೆ ಫೋನ್ ಮಾಡುತ್ತಾರೆ. ಇಷ್ಟೂ ಹೊತ್ತು ಕ್ಯಾಬಿನ್ ಸೇರಿ ನಲವತ್ತು ಅಡಿ ಉದ್ದದ ಲಾರಿ ಗೇಟಿಗೆ ಅಡ್ಡ ನಿಂತಿರುತ್ತದೆ, ಅದರ ಹಿಂದೆ ಕಾಗದ ಸರಿಯಿರುವ ಐದು ಲಾರಿ ಕಾಯುತ್ತಿರುತ್ತವೆ.

ಸ್ಲಾಟ್ ಕೇಳುವಾಗಲೇ ಇನ್‌ವಾಯ್ಸ್ ಪ್ರತಿ, ಪಿಒ ನಂಬರ್, ಬಾಕ್ಸು ಮತ್ತು ಐಟಂ ಸಂಖ್ಯೆ, ಗಾಡಿ ನಂಬರ್, ಡ್ರೈವರ್ ಮೊಬೈಲ್ ನಂಬರ್ ಪಡೆಯಿರಿ. ಇನ್‌ವರ್ಡ್ ವಿಭಾಗದ ಒಬ್ಬರು ಹಿಂದಿನ ಸಂಜೆ ನಾಲ್ಕು ಸಂಗತಿ ನೋಡಲಿ. ಪಿಒ ಚಾಲ್ತಿಯಲ್ಲಿದೆಯೇ, ಅದರಲ್ಲಿ ಇಷ್ಟು ಸರಕಿಗೆ ಬಾಕಿ ಇದೆಯೇ, ಎಂಆರ್‌ಪಿ ಒಂದೇ ಇದೆಯೇ, ಉಳಿದ ಬಾಳಿಕೆ ನಿಮ್ಮ ನಿಯಮಕ್ಕೆ ಸಾಲುತ್ತದೆಯೇ. ಯಾವುದಾದರೂ ಒಂದು ತಪ್ಪಿದ್ದರೆ ಸ್ಲಾಟ್ ಖಚಿತವಾಗುವುದಿಲ್ಲ, ಲಾರಿ ಗೇಟಿಗೆ ಬರುವ ಮೊದಲೇ ಗೊತ್ತಾಗುತ್ತದೆ. ದೂರದ ಲಾರಿಗಳಾದರೆ ಇ-ವೇ ಬಿಲ್ ಅವಧಿಯನ್ನೂ ನೋಡಿ. ಸಾಮಾನ್ಯ ಸರಕಿಗೆ 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ನಿಮ್ಮ ಗೇಟಿನ ಮುಂದೆ ಶನಿವಾರ ಸಂಜೆಯಿಂದ ಸೋಮವಾರದವರೆಗೆ ನಿಂತ ಲಾರಿಯ ಬಿಲ್ ಅವಧಿ ಅಲ್ಲೇ ಮುಗಿಯಬಹುದು. ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ ನಂತರದ 8 ಗಂಟೆಯವರೆಗೆ ಮಾತ್ರ ವಿಸ್ತರಿಸಲು ಅವಕಾಶ. ಅಷ್ಟರೊಳಗೆ ಟ್ರಾನ್ಸ್‌ಪೋರ್ಟಿನವರಿಗೆ ಹೇಳುವ ಹೊಣೆ ಯಾರದ್ದು ಎಂದು ಮೊದಲೇ ತೀರ್ಮಾನವಾಗಿರಲಿ.

ಇಷ್ಟಾದರೂ ತೊಡಕಿನ ಲಾರಿ ಬಂದೇ ಬರುತ್ತದೆ. ಅದಕ್ಕೆಂದು ಗೇಟಿನ ಪಕ್ಕದಲ್ಲಿ ಎರಡು ಲಾರಿ ಸರಿದು ನಿಲ್ಲುವ ಜಾಗ ಗುರುತು ಮಾಡಿ. ಕಿಟಕಿಯಲ್ಲಿ ಐದು ನಿಮಿಷದೊಳಗೆ ಮುಗಿಯದ ಯಾವ ಲಾರಿಯೂ ಸಾಲಿನಲ್ಲಿ ನಿಲ್ಲಬಾರದು, ಅಲ್ಲಿಗೆ ಸರಿಯಬೇಕು. ಸ್ಲಾಟ್ ಇರುವವರಿಗೆ ಒಂದು ಲೇನ್, ಇಲ್ಲದವರಿಗೆ ಇನ್ನೊಂದು ಲೇನ್ ಮಾಡಲು ಜಾಗವಿದ್ದರೆ ಇನ್ನೂ ಒಳ್ಳೆಯದು.

ಸ್ಲಾಟಿನ ಸುದ್ದಿ ಡ್ರೈವರಿಗೆ ನೇರವಾಗಿ ತಲುಪಬೇಕು. ಸರಬರಾಜುದಾರರ ಇಮೇಲಿಗೆ ಹೋದ ಸ್ಲಾಟ್ ನಂಬರ್ ಡ್ರೈವರಿಗೆ ಗೊತ್ತೇ ಇರುವುದಿಲ್ಲ, ಬೇಗ ಹೋದರೆ ಬೇಗ ಇಳಿಸುತ್ತಾರೆ ಎಂದುಕೊಂಡು ಮೂರು ಗಂಟೆ ಮುಂಚೆಯೇ ಬರುತ್ತಾನೆ. ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ ಎರಡೇ ಸಾಲಿನ ಮೆಸೇಜ್ ಸಾಕು: ದಿನ, ಗಂಟೆ, ಟೋಕನ್ ನಂಬರ್, ಅದಕ್ಕಿಂತ ಮುಂಚೆ ಬಂದರೆ ಎಲ್ಲಿ ನಿಲ್ಲಿಸಬೇಕು. ಓದಲು ಬಾರದವರಿಗೆ ಅದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿ.

ಬೇಗ ಬಂದವರು, ತಡವಾದವರು, ಬಾರದವರು

ಇಡೀ ವ್ಯವಸ್ಥೆ ನಿಲ್ಲುವುದೂ ಬೀಳುವುದೂ ಒಂದು ನಿಯಮದ ಮೇಲೆ: ಹೊತ್ತಿಗೆ ಸರಿಯಾಗಿ ಬಂದ ಲಾರಿಯನ್ನು ತಡವಾಗಿ ಬಂದ ಲಾರಿಗೋಸ್ಕರ ಕಾಯಿಸಬಾರದು. ಒಂಬತ್ತರ ಲಾರಿ ಹನ್ನೊಂದಕ್ಕೆ ಬಂದು ಹನ್ನೊಂದರ ಲಾರಿಯ ಜಾಗ ತೆಗೆದುಕೊಂಡರೆ ಹನ್ನೊಂದರ ಡ್ರೈವರ್ ಮುಂದಿನ ಸಲ ಏಳಕ್ಕೇ ಬರುತ್ತಾನೆ. ಎರಡು ವಾರದಲ್ಲಿ ಎಲ್ಲರೂ ಏಳಕ್ಕೇ ಬರುತ್ತಾರೆ, ಸ್ಲಾಟ್ ಪಟ್ಟಿ ಬರೀ ಕಾಗದವಾಗುತ್ತದೆ.

ಆದ್ದರಿಂದ ಅರ್ಧ ಗಂಟೆಗಿಂತ ತಡವಾದ ಲಾರಿಗೆ ಶೇ. 20ರ ಬಿಡುವಿನಲ್ಲಿ ಮೊದಲು ಸಿಗುವ ಜಾಗ. ಬೇಗ ಬಂದವರಿಗೆ ಡಾಕ್ ಖಾಲಿ ಇದ್ದು, ಮುಂದಿನ ಸ್ಲಾಟಿಗೆ ಮುಂಚೆ ಅವರ ಕೆಲಸ ಮುಗಿಯುವಂತಿದ್ದರೆ ಮಾತ್ರ ಪ್ರವೇಶ. ಬಾರದೇ ಹೋದವರನ್ನು ಎರಡು ಬಗೆಯಾಗಿ ನೋಡಿ. ನಾಲ್ಕು ಗಂಟೆ ಮುಂಚೆ ತಿಳಿಸಿದವರಿಗೆ ತೊಂದರೆ ಕೊಡಬೇಡಿ, ಆ ಜಾಗಕ್ಕೆ ಬೇರೆಯವರನ್ನು ಕರೆಯಬಹುದು. ತಿಳಿಸದೆ ತಪ್ಪಿಸಿಕೊಂಡವರಿಗೆ ಮುಂದಿನ ವಾರದ ಬುಕಿಂಗ್‌ನಲ್ಲಿ ಕೊನೆಯ ಆಯ್ಕೆ.

ಸ್ಲಾಟ್ ಕಟ್ಟಿಹಾಕಿಕೊಳ್ಳುವ ಅಭ್ಯಾಸದ ಮೇಲೂ ಕಣ್ಣಿಡಿ. ದೊಡ್ಡ ಟ್ರಾನ್ಸ್‌ಪೋರ್ಟುಗಳು ಬೇಕೋ ಬೇಡವೋ ಬೆಳಗಿನ ಹತ್ತು ಸ್ಲಾಟ್ ಹಿಡಿದಿಟ್ಟು, ಆರು ಬಳಸಿ ನಾಲ್ಕನ್ನು ಬಿಟ್ಟುಬಿಡುತ್ತವೆ. ಗಾಡಿ ನಂಬರ್ ಕೊನೆ ಗಳಿಗೆಯವರೆಗೂ ಖಾಲಿ ಇರುವುದು ಇದರ ಗುರುತು. ಹಿಂದಿನ ದಿನ ಸಂಜೆ ಆರರೊಳಗೆ ಗಾಡಿ ನಂಬರ್ ಬಾರದ ಸ್ಲಾಟ್ ತಾನಾಗಿ ಬಿಟ್ಟುಹೋಗಲಿ, ಏಳು ಗಂಟೆಗೆ ಕಾಯುವ ಪಟ್ಟಿಯವರಿಗೆ ಸಿಗಲಿ. ಹತ್ತಿರದವರಿಗೆ ಈ ನಿಯಮವನ್ನು ಬಿಗಿಯಾಗಿ ಪಾಲಿಸಿ. ದೂರದ ಲಾರಿಗಳು ಆಗಲೇ ದಾರಿಯಲ್ಲಿರುವುದರಿಂದ ಅವುಗಳ ನಂಬರ್ ಮೊದಲೇ ಬಂದಿರುತ್ತದೆ.

ಸಾಲು ತಪ್ಪಿಸಲು ಗೇಟಿನಲ್ಲಿ ಕೈಬಿಸಿ ಮಾಡುವ ವ್ಯವಹಾರ ಬೆಳೆಯುವುದು ಯಾರ ನಂತರ ಯಾರು ಎಂಬುದು ಕಾಣದಿದ್ದಾಗ. ಟೋಕನ್ ನಂಬರ್, ಸ್ಲಾಟಿನ ಹೊತ್ತು, ಕರೆದ ಹೊತ್ತು ಮೂರನ್ನೂ ಡ್ರೈವರುಗಳು ಕೂರುವ ಜಾಗದಲ್ಲಿ ಬೋರ್ಡಿಗೆ ಹಾಕಿ. ಆಗ ಡ್ರೈವರುಗಳೇ ಕಾವಲು ಕಾಯುತ್ತಾರೆ.

ಡಾಕ್ ಖಾಲಿ, ಆದರೂ ಲಾರಿ ಹೊರಗೆ

ಗಂಟೆಗೊಮ್ಮೆ ಡಾಕ್ ಸಾಲಿನುದ್ದಕ್ಕೂ ನಡೆದು ಬನ್ನಿ, ತೊಂದರೆ ಎಲ್ಲಿದೆ ಎಂದು ನಿಂತ ಲಾರಿಗಳೇ ಹೇಳುತ್ತವೆ. ಡಾಕ್ ತುಂಬಿ ಯಾರ್ಡೂ ತುಂಬಿದ್ದರೆ ಬುಕಿಂಗ್ ಹೆಚ್ಚಾಗಿದೆ. ಯಾರ್ಡಿನಲ್ಲಿ ಲಾರಿ ಇದ್ದೂ ಡಾಕ್ ಖಾಲಿ ಇದ್ದರೆ ಕರೆಯುವವರಿಲ್ಲ. ಲಾರಿ ಡಾಕ್‌ನಲ್ಲಿದ್ದು ಬಾಗಿಲು ತೆರೆದಿದ್ದರೂ ಕೆಲಸ ನಡೆಯುತ್ತಿಲ್ಲ ಎಂದರೆ ಹಮಾಲರ ತಂಡವಿಲ್ಲ, ಇಲ್ಲವೇ ಡಾಕ್ ಮುಂದಿನ ನೆಲ ಖಾಲಿ ಇಲ್ಲ.

ಕರೆಯುವ ಕೆಲಸಕ್ಕೆ ಒಬ್ಬರನ್ನೇ ಹೊಣೆ ಮಾಡಿ. ಒಂದು ಡಾಕ್‌ನಲ್ಲಿ ಸುಮಾರು 15 ನಿಮಿಷದ ಕೆಲಸ ಉಳಿದಾಗಲೇ ಮುಂದಿನ ಲಾರಿ ಯಾರ್ಡಿನಿಂದ ಹೊರಟು ಹತ್ತಿರ ಬಂದು ನಿಂತಿರಬೇಕು, ಡ್ರೈವರ್ ಸೀಟಿನಲ್ಲಿರಬೇಕು. ಡ್ರೈವರ್ ಹೊರಗೆ ಟೀ ಅಂಗಡಿಯಲ್ಲಿ, ಕ್ಲೀನರ್ ನಿದ್ದೆಯಲ್ಲಿ ಎಂದಾದರೆ ಲಾರಿ ಬದಲಾಗಲು ಇಪ್ಪತ್ತೈದು ನಿಮಿಷ ಹೋಗುತ್ತದೆ. ಲಾರಿಗೆ 10 ನಿಮಿಷ ಉಳಿದರೂ 64 ಲಾರಿಗೆ 640 ನಿಮಿಷ. ಮೇಲೆ ಪ್ಯಾಲೆಟ್ ಮಾಡಿಸಿ ಉಳಿಸಿದ್ದಕ್ಕೆ ಹತ್ತಿರ ಹತ್ತಿರ ಸಮ, ಖರ್ಚು ಒಂದು ವಾಕಿಟಾಕಿ. ಯಾರ್ಡಿನಲ್ಲೇ ಶೌಚಾಲಯ, ಕುಡಿಯುವ ನೀರು, ನೆರಳು ಇದ್ದರೆ ಡ್ರೈವರ್ ಗಾಡಿ ಬಿಟ್ಟು ದೂರ ಹೋಗುವುದಿಲ್ಲ. ಸಾವಿರ ಕಿಲೋಮೀಟರ್ ಓಡಿಸಿ ಬಂದವರಿಗೆ ಅಷ್ಟು ಸಿಗಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ನೆಲದ ಲೆಕ್ಕ ಬಹುತೇಕ ಯಾರೂ ಮಾಡುವುದಿಲ್ಲ. 900 ಬಾಕ್ಸು, ಪ್ಯಾಲೆಟ್ಟಿಗೆ 40ರಂತೆ 23 ಪ್ಯಾಲೆಟ್. ಡಾಕ್ ಮುಂದೆ 24 ಪ್ಯಾಲೆಟ್ ಜಾಗವಿದ್ದರೆ ಒಂದು ಲಾರಿಯ ಸರಕು ರ‍್ಯಾಕಿಗೆ ಹೋಗುವವರೆಗೆ ಮುಂದಿನದು ಇಳಿಯುವಂತಿಲ್ಲ. ನಮ್ಮ ಮಾದರಿಯಲ್ಲಿ ಮೊದಲು ಹೇಳಿದ 64 ಲಾರಿಗಳಿಂದ ದಿನಕ್ಕೆ ಸುಮಾರು 1,070 ಪ್ಯಾಲೆಟ್, ಗಂಟೆಗೆ 74. ಪ್ಯಾಲೆಟ್ ಎತ್ತಿ ರ‍್ಯಾಕಿಗೇರಿಸುವ ಯಂತ್ರವಾದ ರೀಚ್ ಟ್ರಕ್ ಒಂದು ಗಂಟೆಗೆ 18 ಪ್ಯಾಲೆಟ್ ಇಡುತ್ತದೆ ಎಂದರೆ ನಾಲ್ಕು ಸಾಲದು, ಐದು ಬೇಕು. ಬೆಳಗ್ಗೆ ಹತ್ತಕ್ಕೆ ಹೊರಹೋಗುವ ಸರಕಿನವರು ಎರಡು ಯಂತ್ರ ಎತ್ತಿಕೊಂಡು ಹೋದರೆ ಹನ್ನೊಂದೂವರೆಗೆ ಡಾಕ್ ಮುಂದೆ ಕಾಲಿಡಲು ಜಾಗವಿರುವುದಿಲ್ಲ, ಹನ್ನೆರಡಕ್ಕೆ ಸಾಲು ರಸ್ತೆಗೆ ಬರುತ್ತದೆ. ಆಗ ಎಲ್ಲರೂ ಗೇಟನ್ನು ಬೈಯುತ್ತಾರೆ. ಒಳಬರುವ ಸರಕಿನ ಯಂತ್ರಗಳನ್ನು ಮಧ್ಯಾಹ್ನದವರೆಗೆ ಯಾರೂ ಮುಟ್ಟದಂತೆ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ.

ಹಮಾಲರ ತಂಡಗಳಿಗೆ ಬಾಕ್ಸಿನ ಲೆಕ್ಕದಲ್ಲಿ ಕೂಲಿ ಇದ್ದರೆ ಚಿಪ್ಸ್, ನೂಡಲ್ಸ್ ಲಾರಿಗೆ ಎಲ್ಲರೂ ಮುಗಿಬೀಳುತ್ತಾರೆ, ಎಣ್ಣೆ ಮತ್ತು ಡಿಟರ್ಜೆಂಟ್ ಲಾರಿ ಮುಟ್ಟುವವರಿಲ್ಲ. ಪಟ್ಟಿಯಲ್ಲಿ ಯಾವಾಗಲೂ ಭಾರದ ಲಾರಿಗಳೇ ತಡವಾಗುತ್ತಿದ್ದರೆ ಮೇಸ್ತ್ರಿಯನ್ನು ಗದರುವುದರಿಂದ ಏನೂ ಆಗದು. ಭಾರದ ಬಾಕ್ಸಿಗೆ ದರ ಹೆಚ್ಚಿಸಿ, ಯಾವ ತಂಡ ಯಾವ ಡಾಕ್‌ಗೆ ಎಂಬುದನ್ನು ಸ್ಲಾಟ್ ಪಟ್ಟಿಯಲ್ಲೇ ಬರೆಯಿರಿ. ತಂಡಗಳು ಆರೇ ಇದ್ದರೆ ಲೂಸ್ ಲಾರಿಗೆ ನಿಮ್ಮಲ್ಲಿರುವುದು ಆರೇ ಡಾಕ್, ಲೆಕ್ಕವನ್ನು ಹಾಗೆಯೇ ಹಾಕಿ.

ಇಳಿದ ಮೇಲೆ ಲಾರಿ ಯಾಕೆ ನಿಂತಿದೆ

ಕೊನೆಯ ಬಾಕ್ಸು ಇಳಿದ ಮೇಲೆ ಒಂದೂವರೆ ಗಂಟೆ ಲಾರಿ ನಿಂತಿದ್ದರೆ ಕಾರಣ ಸರಕು ಸ್ವೀಕರಿಸಿದ ದಾಖಲೆಯಾದ ಜಿಆರ್‌ಎನ್. ಕಂಪ್ಯೂಟರಿನಲ್ಲಿ ಎಲ್ಲ ಐಟಂ ಏರಿಸಿದ ನಂತರವೇ ಎಲ್‌ಆರ್‌ಗೆ ಸೀಲು ಎಂಬ ಪದ್ಧತಿ ಬಹಳ ಕಡೆ ಇದೆ. ಸೀಲು ಬಿದ್ದ ಪ್ರತಿ ಇಲ್ಲದೆ ಡ್ರೈವರಿಗೆ ಉಳಿದ ಬಾಡಿಗೆ ಸಿಗುವುದಿಲ್ಲ, ಆತ ಕದಲುವುದಿಲ್ಲ. ಎರಡನ್ನೂ ಬೇರೆ ಮಾಡಿ. ಡ್ರೈವರ್ ಎದುರಲ್ಲೇ ಡಾಕ್‌ನಲ್ಲಿ ಬಾಕ್ಸು ಎಣಿಕೆ ಮುಗಿಸಿ, ಕಡಿಮೆ ಬಂದಿದ್ದು, ಒಡೆದಿದ್ದು, ಒದ್ದೆಯಾಗಿದ್ದನ್ನು ಎಲ್‌ಆರ್ ಮೇಲೆ ಬರೆದು ಇಬ್ಬರೂ ಸಹಿ ಹಾಕಿ, ಒಡೆದ ಬಾಕ್ಸಿನ ಫೋಟೊ ತೆಗೆದು ಲಾರಿ ಬಿಡಿ. ಜಿಆರ್‌ಎನ್ ಆಮೇಲೆ ಆಗಲಿ. ಬಾಕ್ಸಿನೊಳಗಿನ ಬಿಡಿ ಎಣಿಕೆಯ ವ್ಯತ್ಯಾಸ ಸರಬರಾಜುದಾರರ ಜೊತೆ ತೀರಬೇಕಾದ್ದು, ಡ್ರೈವರ್ ಅದಕ್ಕೆ ಹೊಣೆಯಲ್ಲ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಲೆಕ್ಕಪತ್ರ ವಿಭಾಗದವರು ಇದಕ್ಕೆ ಒಪ್ಪುವುದಿಲ್ಲ. ಕೊನೆಯ ಬಾಕ್ಸಿನಿಂದ ಗೇಟು ದಾಟುವವರೆಗೆ ಡಾಕ್ ಬಿಡುವ 10 ನಿಮಿಷವೂ ಸೇರಿ 25 ನಿಮಿಷ ಸಾಕು.

ತಿಂಗಳ ಕೊನೆಯ ಐದು ದಿನ

ಇಷ್ಟೆಲ್ಲ ಸರಿಹೋದ ಮೇಲೂ ತಿಂಗಳ ಕೊನೆಗೆ ಸಾಲು ಮರಳುತ್ತದೆ. ಮಾರಾಟದ ಗುರಿ ಮುಟ್ಟಲು ಸರಬರಾಜುದಾರರು ಕೊನೆಯ ಐದು ದಿನ ಸರಕು ಸುರಿಯುತ್ತಾರೆ. ದಸರಾ, ದೀಪಾವಳಿಗೆ ಮುಂಚೆಯೂ ಇದೇ ಕಥೆ. ದಿನಕ್ಕೆ 85 ಲಾರಿ ಎಂದುಕೊಳ್ಳಿ. ಪ್ಯಾಲೆಟ್ ಹೆಚ್ಚಿಸಿದ ನಂತರ ಲಾರಿಗೆ ಸರಾಸರಿ 86 ಡಾಕ್-ನಿಮಿಷ, ಒಟ್ಟು 7,310. ಆ ಐದು ದಿನಕ್ಕೆ ಶೇ. 85ರವರೆಗೆ ತುಂಬಿಸಲು ಒಪ್ಪಿದರೂ 8,600 ನಿಮಿಷ ಬೇಕು, ಇರುವುದು 6,960. ಕೊರತೆ 1,640. ರಾತ್ರಿ 10ರಿಂದ ಬೆಳಗ್ಗೆ 6ರ ಪಾಳಿಯಲ್ಲಿ ಒಂದು ಡಾಕ್‌ಗೆ 7 ಗಂಟೆ ಕೆಲಸ, 420 ನಿಮಿಷ. ಹಾಗಾಗಿ ನಾಲ್ಕು ಡಾಕ್ ರಾತ್ರಿ ನಡೆಯಬೇಕು, ಜೊತೆಗೆ ನಾಲ್ಕು ತಂಡ, ಎರಡು ರೀಚ್ ಟ್ರಕ್, ಕಾಗದ ನೋಡಲು ಒಬ್ಬರು.

ಇದನ್ನು 27ನೇ ತಾರೀಕು ಹೊಂದಿಸಲು ಆಗುವುದಿಲ್ಲ. 20ರಂದೇ ಖರೀದಿ ವಿಭಾಗದಿಂದ ಕೊನೆಯ ವಾರದ ಪಿಒ ಪಟ್ಟಿ ತೆಗೆದುಕೊಂಡು ಡಾಕ್-ನಿಮಿಷಕ್ಕೆ ಇಳಿಸಿ. ಕೊರತೆಯ ಅಂಕಿಯನ್ನು ಅವರ ಮುಂದಿಟ್ಟು ಎರಡರಲ್ಲಿ ಒಂದು ಕೇಳಿ: ರಾತ್ರಿ ಪಾಳಿಯ ಖರ್ಚಿಗೆ ಒಪ್ಪಿಗೆ, ಅಥವಾ ಮುಂದೂಡಬಹುದಾದ ಪಿಒಗಳ ಹೆಸರು. ದೂರದ ಲಾರಿಗಳನ್ನೇ ರಾತ್ರಿಯ ನಾಲ್ಕು ಡಾಕ್‌ಗೆ ಹಾಕಿ. ಅವು ಹೇಗೂ ಆ ಹೊತ್ತಿಗೆ ಬಂದು ನಿಂತಿರುತ್ತವೆ, ಬೆಳಗ್ಗೆ ಆರರೊಳಗೆ ಖಾಲಿಯಾಗಿ ಹೊರಟರೆ ಹತ್ತಿರದವರ ಮೊದಲ ಸ್ಲಾಟಿಗೆ ಡಾಕ್ ಸಿದ್ಧವಿರುತ್ತದೆ.